ಎಡಗಡೆ ಸ್ಪೀಕರ್ ಸಣ್ಣ ವಾಲ್ಯೂಮಲ್ಲಿ ಮಾತ್ರ ಮೌನ ಆಗ್ತಿತ್ತು: ನಾನು ಹುಡುಕಿದ್ದು ಹೀಗೆ

ನಮ್ಮನೆ ಉಡುಪಿ ಹತ್ರ, ಸಮುದ್ರ ಒಂದೂವರೆ ಕಿಲೋಮೀಟರ್ ಅಷ್ಟೆ. ಹದಿಮೂರು ವರ್ಷದ ಹಳೇ 5.1 ರಿಸೀವರ್ ಇದೆ, ಹೋದ ಮಳೆಗಾಲದಲ್ಲಿ ಎಡಗಡೆ ಮುಂದಿನ ಸ್ಪೀಕರಲ್ಲಿ ಗರಗರ ಶುರುವಾಯ್ತು, ಒಂದಿನ ಅಮ್ಮ "ಹಳೇ ಹಾಡಲ್ಲಿ ತಬಲಾನೇ ಕೇಳ್ತಿಲ್ವಲ್ಲೋ" ಅಂದ್ರು. ಹಳೇ ಸ್ಟೀರಿಯೋ ರೆಕಾರ್ಡಿಂಗ್‌ಗಳಲ್ಲಿ ಒಂದೊಂದು ವಾದ್ಯ ಒಂದೇ ಬದಿಗೆ ಇರತ್ತಲ್ಲ, ಆ ಬದಿ ಹೋದ್ರೆ ವಾದ್ಯಾನೇ ಹೋಯ್ತು.

ಮೊದಲು ಸ್ಪೀಕರ್ ಹಿಂದಿನ ವೈರ್ ಹಿಡಿದು ಮೆಲ್ಲಗೆ ಅಲ್ಲಾಡಿಸ್ದೆ, ಗರಗರ ಜಾಸ್ತಿ ಆಯ್ತು. ಪವರ್ ಪ್ಲಗ್ ಕಿತ್ತು, ಸ್ಪ್ರಿಂಗ್ ಕ್ಲಿಪ್ಪಿಂದ ವೈರ್ ಎಳೆದು ನೋಡಿದ್ರೆ ತಾಮ್ರ ಪೂರ್ತಿ ಹಸಿರು ಕಿಲುಬು. ಬರೀ ತುದಿ ಒರೆಸಿದ್ರೆ ಆಗಲ್ಲ, ಕಿಲುಬು ಪ್ಲಾಸ್ಟಿಕ್ ಒಳಗೂ ಹೋಗಿರತ್ತೆ, ಹಾಗಾಗಿ ಹೊಳೆಯೋ ತಾಮ್ರ ಸಿಗೋವರೆಗೂ ಸ್ವಲ್ಪ ಸ್ವಲ್ಪವೇ ಕತ್ತರಿಸ್ತಾ ಹೋದೆ, ಸುಮಾರು ಎರಡಿಂಚು ಹೋಯ್ತು. ಎಳೆಗಳನ್ನ ಗಟ್ಟಿಯಾಗಿ ಹೊಸೆದು ಹಾಕ್ದೆ, ಯಾಕಂದ್ರೆ ಒಂದೇ ಒಂದು ಎಳೆ ಹೊರಗೆ ಬಂದು ಪಕ್ಕದ ಕ್ಲಿಪ್ಪಿಗೆ ತಾಗಿದ್ರೂ ಶಾರ್ಟ್ ಆಗಿ ಆಂಪ್ಲಿಫೈಯರ್ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡಬಹುದು. ರಿಸೀವರ್ ಕಡೆ ತುದಿಗೂ ಇದೇ ಮಾಡ್ದೆ, ಗರಗರ ನಿಂತ್ಹೋಯ್ತು.

ಎರಡು ದಿನ ಆದ್ಮೇಲೆ ರಾತ್ರಿ ಸಣ್ಣಗೆ ಹಾಡು ಹಾಕಿದ್ರೆ ಎಡಗಡೆ ಮತ್ತೆ ಸದ್ದೇ ಇಲ್ಲ. ವಾಲ್ಯೂಮ್ ಜೋರು ಮಾಡಿದ್ರೆ ಟಪ್ ಅಂತ ಬರತ್ತೆ, ಬಂದ್ಮೇಲೆ ಕಡಿಮೆ ಮಾಡಿದ್ರೂ ಸ್ವಲ್ಪ ಹೊತ್ತು ಇರತ್ತೆ. ಈ ಲಕ್ಷಣ ನೆನಪಿಟ್ಕೊಳ್ಳಿ, ಮುಂದಿನ ಕೆಲಸ ಎಲ್ಲಾ ಇದರ ಮೇಲೇ ನಿಂತಿದೆ.

ಸ್ಪೀಕರ್ ಸರಿ ಇದೆಯಾ ಅಂತ ಮೊದಲು ನೋಡ್ದೆ. ರಿಸೀವರ್ ಕಡೆ ವೈರ್ ಬಿಚ್ಚಿ, ಆ ಎರಡು ತುದಿಗೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ ಒಂದು ಕ್ಷಣ ತಾಗಿಸ್ದೆ, ಟಕ್ ಅಂತು. ಮಲ್ಟಿಮೀಟರಲ್ಲಿ 6 ಓಮ್ ಚಿಲ್ಲರೆ, 8 ಓಮ್ ಸ್ಪೀಕರ್‌ಗೆ ಅಷ್ಟು ಬಂದ್ರೆ ಸರಿ. ವೈರೂ ಸ್ಪೀಕರೂ ಎರಡೂ ಒಂದೇ ಸಲ ಪಾಸ್.

ಆಮೇಲೆ ಪ್ಲಗ್ ಕಿತ್ತೇ, ರಿಸೀವರ್ ಹಿಂದೆ ಎಡ-ಬಲ ಸ್ಪೀಕರ್ ವೈರ್ ಅದಲು ಬದಲು ಮಾಡ್ದೆ. ಈಗ ಬಲಗಡೆ ಸ್ಪೀಕರ್ ಮೌನ, ಅಂದ್ರೆ ತಪ್ಪು ರಿಸೀವರ್ ಎಡ ಚಾನೆಲ್‌ದು, ಇಲ್ಲಾ ಅದಕ್ಕೆ ಬರೋ ಸಿಗ್ನಲ್‌ದು. ವೈರ್ ವಾಪಸ್ ಹಾಕಿ, ಟಿವಿಯಿಂದ ಬರೋ ಕೆಂಪು-ಬಿಳಿ ಆಡಿಯೋ ಪಿನ್ ಅದಲು ಬದಲು ಮಾಡಿದ್ರೂ ಎಡಗಡೆನೇ ಮೌನ, ಹಾಗಾಗಿ ಟಿವಿ ಮತ್ತು ಆ ಕೇಬಲ್ ತಪ್ಪಲ್ಲ. ಕೊನೆಗೆ ಹೆಡ್‌ಫೋನ್ ಹಾಕ್ದೆ, ಎರಡು ಕಿವಿಯಲ್ಲೂ ಸಣ್ಣ ಸದ್ದು ಸ್ಪಷ್ಟ. ನನ್ನ ಮಾಡೆಲಲ್ಲಿ ಹೆಡ್‌ಫೋನ್ ಲೈನ್ ಸ್ಪೀಕರ್ ರಿಲೇಗಿಂತ ಮುಂಚೆನೇ ಕವಲೊಡೆಯತ್ತೆ, ಸೋ ಉಳಿದಿದ್ದು ರಿಲೇ ಒಂದೇ.

ಆನ್ ಮಾಡಿ ಮೂರ್ನಾಲ್ಕು ಸೆಕೆಂಡ್ ಆದ್ಮೇಲೆ ಒಳಗೆ ಕ್ಲಿಕ್ ಅನ್ನತ್ತಲ್ಲ, ಅದೇ ಈ ರಿಲೇ, ಸ್ಪೀಕರ್‌ಗೆ ಸಿಗ್ನಲ್ ಬಿಡೋ ಸ್ವಿಚ್ಚು. ಆನ್ ಮಾಡುವಾಗಿನ ಧಡ್ ಅನ್ನೋ ಸದ್ದು, ಆಂಪ್ ಕೆಟ್ರೆ ಬರೋ ಡಿಸಿ, ಎರಡೂ ಸ್ಪೀಕರ್‌ಗೆ ಹೋಗದ ಹಾಗೆ ತಡೆಯತ್ತೆ. ಅದರ ಕಾಂಟ್ಯಾಕ್ಟ್ ಮೇಲೆ ಕಪ್ಪು ಪೊರೆ ಕಟ್ಟಿದ್ರೆ ಸಣ್ಣ ಸಿಗ್ನಲ್ ದಾಟಲ್ಲ, ವೋಲ್ಟೇಜ್ ಏರಿದಾಗ ಪೊರೆ ಒಡೆದು ಸದ್ದು ಬರತ್ತೆ, ಆ ಟಪ್ ಅದೇ.

ಮುಚ್ಚಳ ತೆಗೆಯೋ ಮುಂಚೆ ಸ್ಪೀಕರ್ ಬಿಚ್ಚಿ ಟರ್ಮಿನಲ್ ಮೇಲೆ ಡಿಸಿ ಅಳೆದೆ, 14 ಮಿಲಿವೋಲ್ಟ್. 50ರ ಒಳಗಿದ್ರೆ ಚಿಂತೆ ಇಲ್ಲ, ವೋಲ್ಟ್‌ಗಟ್ಟಲೆ ಬಂದ್ರೆ ಔಟ್‌ಪುಟ್ ಹೋಗಿದೆ, ಆಗ ಸ್ಪೀಕರ್ ಹಾಕ್ಲೇಬೇಡಿ, ಸುಡತ್ತೆ. ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟೆ, ಆಮೇಲೂ ದೊಡ್ಡ ಕೆಪಾಸಿಟರ್ ಮೇಲೆ ಮೀಟರ್ ಇಟ್ಟು ಒಂದು ವೋಲ್ಟಿಗಿಂತ ಕೆಳಗೆ ಬಂದಿದೆ ಅಂತ ನೋಡೇ ಕೈ ಹಾಕಿದ್ದು. ಇದೊಂದನ್ನ ಯಾರೂ ಬಿಡಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರತ್ತೆ.

ರಿಲೇ ಬೆಸುಗೆ ಬಿಡಿಸಿ ಪ್ಲಾಸ್ಟಿಕ್ ಡಬ್ಬಿ ತೆಗೆದ್ರೆ ಎಡ ಚಾನೆಲ್ ಕಾಂಟ್ಯಾಕ್ಟ್ ಕರ್ರಗೆ. ಗಟ್ಟಿ ಕಾಗದದ ಪಟ್ಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಎರಡರ ಮಧ್ಯೆ ಎಳೆದೆ. ಸ್ಯಾಂಡ್‌ಪೇಪರ್ ಬೇಡ, ಮೇಲಿನ ಲೇಪ ಹೋದ್ರೆ ಬೇಗ ಕೆಡತ್ತೆ. ಮೂರು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಕೊನೆಗೆ ರಿಲೇ ಮೈಮೇಲಿನ ನಂಬರ್, 24 ವೋಲ್ಟ್ ಕಾಯಿಲ್, ಪಿನ್‌ಗಳ ಜೋಡಣೆ ಎಲ್ಲಾ ಹೊಂದಿಸಿ ಬೆಂಗಳೂರಿನ ಎಸ್‌ಪಿ ರೋಡಿಂದ ಹೊಸದು ತರಿಸಿ ಹಾಕ್ದೆ. ಈಗ ರಾತ್ರಿ ಎಷ್ಟು ಸಣ್ಣಗಿಟ್ರೂ ಎಡಗಡೆ ತಬಲಾ ಕೇಳತ್ತೆ.

ಸೌಂಡ್‌ಬಾರ್ ಇಟ್ಕೊಂಡೋರಿಗೆ ಒಂದ್ಮಾತು, ತುಂಬಾ ಸೌಂಡ್‌ಬಾರಲ್ಲಿ ಈ ಥರ ರಿಲೇ ಇರಲ್ಲ, ಎಡ-ಬಲ ಎಲ್ಲಾ ಒಂದೇ ಡಬ್ಬದೊಳಗೆ, ವೈರ್ ಅದಲು ಬದಲು ಮಾಡೋಕೂ ಆಗಲ್ಲ. ಅಲ್ಲಿ ಟಿವಿ ಕೇಬಲ್ ಬಿಟ್ಟು ಬ್ಲೂಟೂತಲ್ಲೋ ಪೆನ್‌ಡ್ರೈವಲ್ಲೋ ಅದೇ ಹಾಡು ಹಾಕಿ ನೋಡಿ, ಆಗಲೂ ಅದೇ ಬದಿ ಮೌನ ಅಂದ್ರೆ ಬೋರ್ಡ್ ಇಲ್ಲಾ ಒಳಗಿನ ಸ್ಪೀಕರ್, ಸರಿ ಬಂದ್ರೆ ಕೇಬಲ್ ಇಲ್ಲಾ ಟಿವಿ ಸೆಟ್ಟಿಂಗ್.