ಕೆಟಲ್ ತಳದ ಸುಣ್ಣ ಬಿಡಿಸಿದ್ದು, ಆಮೇಲೆ ಹುಳಿ ಹೋಗುವಂತೆ ತೊಳೆದದ್ದು

ಸುಂಟಿಕೊಪ್ಪದ ಹತ್ತಿರ, ನಮ್ಮ ಕಾಫಿ ತೋಟದ ಮನೆಗೆ ಸೇರಿದಂತೆ ನಾಲ್ಕು ಕೋಣೆಗಳ ಒಂದು ಹೋಂಸ್ಟೇ ನಡೆಸುತ್ತಿದ್ದೇನೆ. ಪ್ರತಿ ಕೋಣೆಯಲ್ಲೂ ಒಂದು ಲೀಟರ್ ನೀರು ಹಿಡಿಯುವ ಸ್ಟೀಲ್ ಕೆಟಲ್ ಇದೆ. ಮಳೆಗಾಲದಿಂದ ಫೆಬ್ರವರಿಯವರೆಗೆ ತೆರೆದ ಬಾವಿಯ ನೀರು ಸಾಕಾಗುತ್ತದೆ ಮತ್ತು ಆ ನೀರು ಕೆಟಲ್‌ನಲ್ಲಿ ಯಾವ ಗುರುತನ್ನೂ ಉಳಿಸುವುದಿಲ್ಲ. ಮಾರ್ಚ್ ಬಂದು ಬಾವಿ ತಳ ಕಂಡ ಮೇಲೆ ಬೋರ್‌ವೆಲ್ ನೀರನ್ನು ಟ್ಯಾಂಕಿಗೆ ಏರಿಸುತ್ತೇವೆ. ಆಗ ಮೂರು ನಾಲ್ಕು ವಾರಗಳಲ್ಲೇ ಕೆಟಲ್‌ನ ತಳದಲ್ಲಿ ಬಿಳಿ ಪುಡಿಯಂಥ ಕಲೆ ಮೂಡಿ, ಏಪ್ರಿಲ್ ಮುಗಿಯುವಷ್ಟರಲ್ಲಿ ಉಗುರಿನಿಂದ ಕೆರೆದರೂ ಏಳದ ಪದರವಾಗಿ ಗಟ್ಟಿಯಾಗುತ್ತದೆ.

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾಯಿಸಿದಾಗ ಒಡೆದು, ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬನೇಟ್ ತಳದಲ್ಲಿ ಉಳಿಯುತ್ತದೆ. ಅದು ಸುಣ್ಣದ ಕಲ್ಲಿನದೇ ವಸ್ತು. ಪದರ ದಪ್ಪವಾದಂತೆ ತಳದ ಬಿಸಿ ನೀರಿಗೆ ಸರಿಯಾಗಿ ದಾಟುವುದಿಲ್ಲ. ತಟ್ಟೆ ಅತಿಯಾಗಿ ಕಾದು, ನೀರು ಕುದಿಯುವ ಮೊದಲೇ ಕೆಟಲ್ ತಾನಾಗಿ ಆರಿಹೋಗುತ್ತದೆ. ನನಗೆ ವಿಷಯ ತಿಳಿದದ್ದೂ ಹೀಗೆಯೇ: ಮೂರನೇ ಕೋಣೆಯ ಕೆಟಲ್ ಗೊರಗೊರ ಸದ್ದು ಜಾಸ್ತಿ ಮಾಡಿಕೊಂಡು ಅರ್ಧದಲ್ಲೇ ನಿಲ್ಲುತ್ತಿದೆ ಎಂದು ಅತಿಥಿಯೊಬ್ಬರು ಹೇಳಿದರು.

ಮೊದಲ ಸಲ ನಾನು ಮಾಡಿದ್ದು ತಪ್ಪು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಸಿಡ್ ತಂದು, ಅರ್ಧ ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಸುರಿದು, ಜೋರಾಗಿ ಕೊತಕೊತನೆ ಕುದಿಸಿದೆ. ಬಿಸಿಗೆ ಗುಳ್ಳೆಗಳು ಒಮ್ಮೆಲೇ ಎದ್ದು ನೊರೆ ಮೂತಿಯಿಂದ ಉಕ್ಕಿ ವಿದ್ಯುತ್ ತಟ್ಟೆಯ ಮೇಲೆ ಬಿತ್ತು. ಓಡಿಹೋಗಿ ಪ್ಲಗ್ ಕಿತ್ತು, ತಟ್ಟೆಯನ್ನು ಒರೆಸಿ ಎರಡು ದಿನ ಒಣಗಿಸಿದೆ. ಅದಕ್ಕಿಂತ ಆಶ್ಚರ್ಯವಾದದ್ದು, ನೀರು ಚೆಲ್ಲಿದ ಮೇಲೆ ಒಳಗೆ ಮರಳಿನಂಥ ಹೊಸ ಬಿಳಿ ಪುಡಿ ಅಂಟಿಕೊಂಡಿದ್ದು. ಸುಣ್ಣ ಮತ್ತು ಸಿಟ್ರಿಕ್ ಆಸಿಡ್ ಸೇರಿದಾಗ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಬಿಸಿ ಹೆಚ್ಚಾದಷ್ಟೂ ಇನ್ನೂ ಕಡಿಮೆ ಕರಗುತ್ತದೆ ಎಂಬುದನ್ನು ಆಮೇಲೆ ತಿಳಿದುಕೊಂಡೆ. ಒಂದು ಪದರವನ್ನು ತೆಗೆಯಲು ಹೋಗಿ ಇನ್ನೊಂದನ್ನು ತಂದುಕೊಂಡಿದ್ದೆ.

ಈಗ ನಾನು ಮಾಡುವ ಕ್ರಮ ಹೀಗಿದೆ. ಕೆಟಲ್‌ಗೆ ಪದರ ಮುಳುಗುವಷ್ಟು, ಎಂದರೆ ಮುಕ್ಕಾಲು ಲೀಟರ್ ನೀರು ಹಾಕಿ, ಕೈ ತಾಗಿಸಲಾಗದಷ್ಟು ಬಿಸಿಯಾದ ಕೂಡಲೇ, ಕುದಿ ಬರುವ ಮೊದಲು, ಆರಿಸಿ ತಟ್ಟೆಯಿಂದ ತೆಗೆದು ಸಿಂಕಿನೊಳಗೆ ಇಡುತ್ತೇನೆ. ಆಮೇಲೆ ಒಂದೂವರೆ ದೊಡ್ಡ ಚಮಚ ನಿಂಬೆ ಉಪ್ಪನ್ನು, ನನ್ನ ತಕ್ಕಡಿಯಲ್ಲಿ ಸುಮಾರು 20 ಗ್ರಾಂ, ಎರಡು ಕಂತಿನಲ್ಲಿ ಉದುರಿಸುತ್ತೇನೆ. ಸುರ್ ಎಂದು ಗುಳ್ಳೆ ಏಳುವುದು ಸುಣ್ಣ ಕರಗುತ್ತಿರುವ ಗುರುತು. ಮುಚ್ಚಳ ತೆರೆದೇ ಇಟ್ಟು ಅರ್ಧ ಗಂಟೆ ಬಿಟ್ಟು, ಮರದ ಹಿಡಿಯ ಮೆತ್ತನೆಯ ಬ್ರಷ್‌ನಿಂದ ಮೂಲೆಗಳನ್ನು ಒಮ್ಮೆ ತಿರುವಿದರೆ ಹಕ್ಕಳೆಗಳು ಎದ್ದು ಬರುತ್ತವೆ. ಮೂತಿಯ ಜಾಲರಿಯನ್ನು ಬಿಚ್ಚಿ ಅದೇ ನೀರಿನ ಒಂದು ಬಟ್ಟಲಲ್ಲಿ ಬೇರೆಯಾಗಿ ನೆನೆಸುತ್ತೇನೆ, ಏಕೆಂದರೆ ಎದ್ದ ಹಕ್ಕಳೆಯೆಲ್ಲ ಸಿಕ್ಕಿಕೊಳ್ಳುವುದು ಅಲ್ಲಿಯೇ.

ಗುಳ್ಳೆ ನಿಂತ ಮೇಲೂ ಬಿಳಿ ಉಳಿದಿದ್ದರೆ, ಹುಳಿ ತೀರಿದೆ ಎಂದು ತಿಳಿದು ಆ ನೀರನ್ನು ಚೆಲ್ಲಿ ಹೊಸದು ಹಾಕಬೇಕು. ಹೊಸ ನೀರಿಗೂ ಒಂದೇ ಒಂದು ಗುಳ್ಳೆ ಏಳದಿದ್ದರೆ ಉಳಿದಿರುವುದು ಸುಣ್ಣವಲ್ಲ. ನಮ್ಮ ಬೋರ್‌ವೆಲ್‌ನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಒಂದು ಕೆಟಲ್‌ನಲ್ಲಿ ಕಂದು ಕಲೆ ಉಳಿದಿತ್ತು. ಅದು ಗುಳ್ಳೆ ಬಾರದೆಯೇ, ಎರಡನೇ ಸಲ ಒಂದು ಗಂಟೆ ನೆನೆದ ಮೇಲೆ, ಮೆಲ್ಲಗೆ ಮಾಯವಾಯಿತು.

ವಿನೆಗರ್ ಕೂಡ ಕೆಲಸ ಮಾಡುತ್ತದೆ. ಬಿಳಿ ವಿನೆಗರ್ ಮತ್ತು ನೀರನ್ನು ಸಮ ಪ್ರಮಾಣದಲ್ಲಿ ಬೆರೆಸಿ ಒಂದು ಗಂಟೆ ಬಿಟ್ಟರೆ ಸುಣ್ಣ ಕರಗುತ್ತದೆ, ಸಿಟ್ರೇಟಿನಂತೆ ಪುಡಿಯೂ ಕೂರುವುದಿಲ್ಲ. ಆದರೆ ವಾಸನೆ ಮುಚ್ಚಳದ ರಬ್ಬರಿನಲ್ಲಿ ಕುಳಿತು ಎರಡು ದಿನ ಹೋಗಲಿಲ್ಲ, ಆದ್ದರಿಂದ ಅತಿಥಿಗಳ ಕೋಣೆಯ ಕೆಟಲ್‌ಗೆ ನಾನು ಅದನ್ನು ಬಳಸುವುದಿಲ್ಲ. ನಮ್ಮ ಅವ್ವ, "ಮನೆಯಲ್ಲಿ ಇರುವ ಕಾಚಂಪುಳಿಯನ್ನೇ ಹಾಕಿ ನೋಡು, ಅದೂ ಹುಳಿಯೇ ಅಲ್ಲವಾ" ಎಂದಿದ್ದರು. ಹುಳಿಯೇನೋ ಹೌದು, ಆದರೆ ಹಣ್ಣಿನ ರಸವನ್ನು ಕಾಯಿಸಿ ಇಳಿಸಿದ ಆ ಕಪ್ಪು ಮಂದ ದ್ರವ ತಳದಲ್ಲಿ ಅಂಟಿಕೊಳ್ಳುತ್ತದೆ, ಬೆಲೆಯೂ ಹೆಚ್ಚು. ಅದು ಪಂದಿ ಕರಿಗೇ ಇರಲಿ ಎಂದೆ. ಯಾವುದನ್ನು ಬಳಸಿದರೂ, ಬಾತ್‌ರೂಮಿಗೆ ಇಟ್ಟಿರುವ ಬ್ಲೀಚಿಂಗ್ ಪುಡಿಯನ್ನು ಅದರ ಜೊತೆ ಸೇರಿಸಲೇಬಾರದು, ಏಕೆಂದರೆ ಹುಳಿ ತಾಗಿದರೆ ಅದರಿಂದ ವಿಷಾನಿಲವಾದ ಕ್ಲೋರಿನ್ ಬರುತ್ತದೆ. ನಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕನಿಗೆ ಇದನ್ನು ಮೊದಲೇ ಹೇಳಿ, ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದೇನೆ.

ತೊಳೆಯುವುದರಲ್ಲಿಯೇ ನಾನು ಹೆಚ್ಚು ಎಚ್ಚರಿಕೆ ವಹಿಸುತ್ತೇನೆ, ಅದಕ್ಕೆ ಕಾರಣವೂ ಇದೆ. ಒಮ್ಮೆ ಕೆಲಸದ ಅವಸರದಲ್ಲಿ ಹುಳಿ ನೀರನ್ನು ಚೆಲ್ಲಿ, ಒಂದೇ ಸಲ ಸುತ್ತ ಅಲುಗಿಸಿ ಕೋಣೆಗೆ ಕಳುಹಿಸಿದ್ದೆ. ಬೆಳಿಗ್ಗೆ ಮೈಸೂರಿನ ಅತಿಥಿಯೊಬ್ಬರು ಲೋಟ ಹಿಡಿದು ಬಂದು, "ಮೇಡಂ, ನಿಮ್ಮ ಹಾಲು ಒಡೆದಿದೆ" ಎಂದರು. ಹಾಲು ಬೆಳಿಗ್ಗೆ ಕರೆದದ್ದು. ಒಡೆದದ್ದು ಕೆಟಲ್ ನೀರಿನ ಹುಳಿಗೆ. ಮೂತಿಯ ಒಳಬದಿ, ಮುಚ್ಚಳದ ಸಂದು, ನೀರಿನ ಗೆರೆಗಿಂತ ಮೇಲಿನ ಗೋಡೆ, ಇವೆಲ್ಲ ಕಡೆ ನೀರು ಅಲುಗಿಸಿದರೆ ಸಾಲದು.

ಆ ದಿನದಿಂದ, ಮೊದಲು ತಣ್ಣೀರಿನಲ್ಲಿ ಎರಡು ಸಲ ತೊಳೆದು, ಆಮೇಲೆ ಮೇಲಿನ ಗೆರೆಯವರೆಗೆ ನೀರು ತುಂಬಿ ಕುದಿಸಿ, ಆ ಕುದಿನೀರನ್ನು ಮೂತಿಯಿಂದಲೇ ಪೂರ್ತಿ ಸುರಿದು ಚೆಲ್ಲುತ್ತೇನೆ, ಮತ್ತು ಇದನ್ನೇ ಇನ್ನೊಮ್ಮೆ ಮಾಡುತ್ತೇನೆ. ಮೂರನೇ ಕುದಿಯಲ್ಲಿ ಪರೀಕ್ಷೆ: ಒಂದು ಲೋಟಕ್ಕೆ ಎರಡು ಚಮಚ ಹಾಲು ಹಾಕಿ, ಅದರ ಮೇಲೆ ಕೆಟಲ್‌ನ ಬಿಸಿನೀರು ಸುರಿದು ಎರಡು ನಿಮಿಷ ನೋಡುತ್ತೇನೆ. ಸಣ್ಣ ಕಣಗಳು ಕಂಡರೆ ಮತ್ತೆ ತೊಳೆಯುತ್ತೇನೆ. ಹಾಲು ಸರಿಯಾಗಿದ್ದರೂ, ತಣಿದ ಅದೇ ನೀರನ್ನು ಒಂದು ಗುಟುಕು ಕುಡಿದು, ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿದ ನೀರಿನೊಂದಿಗೆ ರುಚಿ ಹೋಲಿಸುತ್ತೇನೆ, ಏಕೆಂದರೆ ಹಾಲನ್ನು ಒಡೆಸಲಾರದಷ್ಟು ಕಡಿಮೆ ಹುಳಿಯೂ ನಾಲಿಗೆಗೆ ತಿಳಿಯುತ್ತದೆ. ಹೊರಗಿನ ತಳವನ್ನು ಎಂದೂ ನೀರಿನಲ್ಲಿ ಮುಳುಗಿಸುವುದಿಲ್ಲ. ಒರೆಸಿ, ಮುಚ್ಚಳ ತೆರೆದು ಒಣಗಿಸುತ್ತೇನೆ.

ಕಡಂಬುಟ್ಟು ಬೇಯಿಸುವ ರೈಸ್ ಕುಕ್ಕರಿನಲ್ಲೂ ಇದೇ ಬಿಳಿ ಗೆರೆ ಕಟ್ಟುತ್ತದೆ, ಆದರೆ ಅದರ ಪಾತ್ರೆ ಅಲ್ಯೂಮಿನಿಯಂ. ಹುಳಿ ಅಲ್ಯೂಮಿನಿಯಂ ಅನ್ನು ತಿನ್ನುವುದರಿಂದ ಅಲ್ಲಿ ಅರ್ಧ ಚಮಚ ನಿಂಬೆ ಉಪ್ಪು, ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ, ಅಷ್ಟೇ. ಪಾತ್ರೆಯನ್ನು ಹೊರಗೆ ತೆಗೆದು ಮಾಡುತ್ತೇನೆ, ಕಾಯುವ ತಟ್ಟೆಗೆ ಒಂದು ಹನಿಯೂ ಬೀಳಬಾರದು.

ಮೂರನೇ ಕೋಣೆಯ ಆ ಕೆಟಲ್ ಸುಣ್ಣ ಪೂರ್ತಿ ಹೋದ ಮೇಲೆ ಮತ್ತೆ ಸರಿಯಾಗಿ ಕುದಿಯತೊಡಗಿತು. ಇನ್ನೊಂದು ಕೆಟಲ್‌ನ ತಳ ಹೊಳೆಯುವಷ್ಟು ಶುಚಿಯಾದರೂ ಅರ್ಧದಲ್ಲೇ ಆರುತ್ತಿತ್ತು; ಅದರ ದೋಷ ಸ್ವಿಚ್ಚಿನದು, ಸುಣ್ಣದ್ದಲ್ಲ ಎಂದು ತಿಳಿದು ಬಳಕೆಯಿಂದ ತೆಗೆದೆ.