ಪಟ್ಟಿ ತೂಗ್ಬಿಟ್ಟು ಟೈಮ್ ಪೀರಿಯಡ್ ನೋಡಿದ್ದು

ಹಾಸನದಲ್ಲಿ ಪಿಯುಸಿ ಹುಡುಗರಿಗೆ ಫಿಸಿಕ್ಸ್ ಟ್ಯೂಷನ್ ಮಾಡ್ತೀನಿ. ರಾಡ್ ಒಂದು ತುದಿಯಿಂದ ತೂಗೋ ಲೆಕ್ಕ ಬಂದಾಗ್ಲೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಸರ್, ತೂಕದ ಕೇಂದ್ರ ನಡುವಲ್ಲಿದೆ ಅಂದ್ಮೇಲೆ 1 ಮೀಟರ್ ರಾಡು 50 ಸೆಂ.ಮೀ. ದಾರದ ಲೋಲಕದ ಥರಾನೇ ಆಡ್ಬೇಕಲ್ವಾ?" ಆಡಲ್ಲ. ಎಳೆಯೋ ಟಾರ್ಕ್ ನಡುವಿನ ಲೆಕ್ಕದಲ್ಲೇ ಬರುತ್ತೆ ನಿಜ, ಆದ್ರೆ ಕೆಳಗಿನ ಅರ್ಧ ಜಾಸ್ತಿ ದೂರ ಓಡ್ಬೇಕು, ಅದರ ಜಡತ್ವನೇ ಜಾಸ್ತಿ, ಇಡೀ ರಾಡಿಗೆ I = mL²/3. ಹಂಗಾಗಿ T = 2π√(2L/3g), ಅಂದ್ರೆ 66.7 ಸೆಂ.ಮೀ. ದಾರಕ್ಕೆ ಸಮ.

ಬೋರ್ಡಲ್ಲಿ ಬರೆದ್ರೆ ಒಪ್ತಾರೆ, ನಂಬಲ್ಲ. ಅದಕ್ಕೆ ಬಿ.ಎಂ. ರೋಡಿನ ಒಂದು ಅಂಗಡೀಲಿ ಕಬ್ಬಿಣದ ಫ್ಲಾಟ್ ಪಟ್ಟಿ ಸರಿಯಾಗಿ 1 ಮೀಟರ್‌ಗೆ ಕಟ್ ಮಾಡಿಸ್ಕೊಂಡೆ. ಅಲ್ಯೂಮಿನಿಯಂ ಆದ್ರೂ ಫಾರ್ಮುಲಾ ಅದೇ, ಆದ್ರೆ ಹಗುರ ಇರೋದ್ರಿಂದ ಗಾಳಿಗೆ ಬೇಗ ನಿಂತೋಗುತ್ತೆ.

ಈಗ ಅಸಲಿ ಕಥೆ ತೂತಿಂದು. ತುದಿಗೇ ತೂತು ಕೊರೆಯಕ್ಕಾಗಲ್ಲ, ಸ್ವಲ್ಪ ಒಳಗೇ ಬರುತ್ತೆ, ಮತ್ತೆ ಪಟ್ಟಿ ಕೂರೋದು ತೂತಿನ ಮೇಲಂಚಲ್ಲಿ, ತೂತಿನ ನಡುವಲ್ಲಲ್ಲ. ನಾನು ಮೇಲಂಚು ತುದಿಯಿಂದ 1 ಸೆಂ.ಮೀ. ಇರೋ ಹಂಗೆ ಕೊರೆಸ್ದೆ. ದುಂಡು ಮೊಳೆಗೆ ಸಿಗಿಸಿದ್ರೆ ತೂತು ಅದರ ಮೇಲೆ ಉರುಳಾಡುತ್ತೆ, ಆಧಾರ ಬಿಂದು ಜರುಗುತ್ತೆ, ಹಂಗಾಗಿ ಮುಮ್ಮೂಲೆ ಅರವನ್ನ ವೈಸಲ್ಲಿ ಚೂಪಂಚು ಮೇಲೆ ಬರೋ ಹಂಗೆ ಕಚ್ಚಿಸಿ ಅದಕ್ಕೆ ನೇತಾಕ್ದೆ.

ಈಗ ಆಧಾರದಿಂದ ನಡುವಿಗೆ d = 49 ಸೆಂ.ಮೀ. ಇದಕ್ಕೆ ಸಮನಾದ ದಾರದ ಉದ್ದ ಅಂದ್ರೆ (L²/12 + d²)/d, ಲೆಕ್ಕ ಹಾಕಿದ್ರೆ 66.0. ಪಕ್ಕದಲ್ಲೇ ದಾರಕ್ಕೆ ಒಂದು ಕಬ್ಬಿಣದ ಗುಂಡು ಕಟ್ಟಿ, ಗುಂಡಿನ ನಡುವಿಗೆ 66 ಬರೋ ಹಂಗೆ ಇಟ್ಟು ಎರಡನ್ನೂ ಒಟ್ಟಿಗೆ ಬಿಟ್ರೆ ಜೊತೆಜೊತೆಗೇ ಹೋಗ್ತಾವೆ. ದಾರ 66.7 ಮಾಡಿದ್ರೆ ಸುಮಾರು 20 ಆಂದೋಲನದಲ್ಲಿ ದಾರ ಹಿಂದೆ ಬೀಳೋದು ಕಣ್ಣಿಗೇ ಕಾಣುತ್ತೆ, ಸ್ಟಾಪ್‌ವಾಚೇ ಬೇಡ. ಕೋನ ಮಾತ್ರ 5-6 ಡಿಗ್ರಿ ದಾಟಿಸ್ಬಾರ್ದು, 30 ಡಿಗ್ರಿಗೆ ಬಿಟ್ರೆ ಪೀರಿಯಡ್ಡು ಹೆಚ್ಚುಕಮ್ಮಿ 1.7% ಜಾಸ್ತಿ ಆಗಿ ಫಾರ್ಮುಲಾ ಲೆಕ್ಕಕ್ಕೆ ಹೊಂದಲ್ಲ.

ನಂಗೆ ಜಾಸ್ತಿ ಇಷ್ಟ ಆಗೋದು ಎರಡನೇ ತೂತು. ಮೊದಲನೇ ಆಧಾರದಿಂದ ಸರಿಯಾಗಿ 66 ಸೆಂ.ಮೀ. ಕೆಳಗೆ ಇನ್ನೊಂದು ಕೊರೆದು, ಪಟ್ಟೀನ ತಲೆಕೆಳಗು ಮಾಡಿ ಅದರಿಂದ ನೇತಾಕಿದ್ರೆ ಪೀರಿಯಡ್ ಅಷ್ಟೇ ಬರುತ್ತೆ. ಇಲ್ಲೂ ಲೆಕ್ಕ ಹಾಕೋದು ತೂತಿನ ಅಂಚಿಂದಾನೇ, ಆದ್ರೆ ತಿರುಗಿಸಿದ್ಮೇಲೆ ಮೇಲೆ ಬರೋ ಅಂಚು. ಹ್ಯೂಗೆನ್ಸ್ 1673ರಲ್ಲೇ ಇದನ್ನ ತೋರಿಸಿದ್ದ. ಎರಡೂ ಕಡೆಯಿಂದ 20 ಆಂದೋಲನಕ್ಕೆ 32.6, 32.7 ಸೆಕೆಂಡ್ ಹತ್ರ ಸಿಗುತ್ತೆ, T 1.6325 ಅಂತ ಇಟ್ಕೊಂಡು g = 4π²(0.66)/T² ಹಾಕಿದ್ರೆ 9.78 ಬರುತ್ತೆ. ಪಟ್ಟಿ ತೂಕ ಎಷ್ಟು ಅಂತ ಯಾರೂ ಕೇಳೋ ಹಂಗೇ ಇಲ್ಲ.