ಮೆನು ಕಾರ್ಡಿನ ಎರಡು ಸಾಲು

ಹೋಟೆಲ್‌ಗಳಿಗೆ ಮೆನು ಕಾರ್ಡ್ ಬರೆದುಕೊಡುವುದು ನನ್ನ ಕೆಲಸ. ಈಚೆಗೆ ಬೆಂಗಳೂರಿನ ಒಂದು ಕರಾವಳಿ ಊಟದ ಹೋಟೆಲ್‌ನ ಹಳೇ ಕಾರ್ಡ್ ತಿದ್ದಿಕೊಟ್ಟೆ. ಅದರಲ್ಲಿ ಚಿಕನ್ ಘೀ ರೋಸ್ಟ್ ಕೆಳಗೆ ನಾಲ್ಕು ಸಾಲು ವರ್ಣನೆ ಇತ್ತು, ನೀರು ದೋಸೆ ಕೆಳಗೆ ‘ಮೃದುವಾದ ದೋಸೆ’ ಅಂತ ಎರಡೇ ಪದ. ಕೋರಿ ರೊಟ್ಟಿಗೆ ಏನೂ ಇರಲಿಲ್ಲ. ಗೊತ್ತಿದ್ದವರು ತಿನ್ನುತ್ತಾರೆ, ಗೊತ್ತಿಲ್ಲದವರು ಪುಟ ತಿರುಗಿಸುತ್ತಾರೆ ಅಂತ ಬಿಟ್ಟ ಹಾಗಿತ್ತು.

ಘೀ ರೋಸ್ಟ್‌ನ ಹಳೇ ವರ್ಣನೆ ಹೀಗಿತ್ತು: ‘ಬಾಯಲ್ಲಿ ನೀರೂರಿಸುವ ಅದ್ಭುತ ರುಚಿಯ, ಶುದ್ಧ ದೇಸಿ ಹಸುವಿನ ತುಪ್ಪದಲ್ಲಿ ಹುರಿದ, ನಮ್ಮ ವಿಶೇಷ ರಹಸ್ಯ ಮಸಾಲೆಯ ಸಾಂಪ್ರದಾಯಿಕ ಕುಂದಾಪುರ ಶೈಲಿಯ ಖಾರವಾದ ಕೋಳಿ ಖಾದ್ಯ.’ ಇಷ್ಟು ಓದಿದರೂ ತಟ್ಟೆಯಲ್ಲಿ ಏನು ಬರುತ್ತೆ ಅಂತ ಗೊತ್ತಾಗಲ್ಲ. ನಾನು ಇಂಥದ್ದನ್ನು ಕೂತಲ್ಲೇ ತಿದ್ದೋಕೆ ಹೋಗುವುದಿಲ್ಲ. ಕಾರ್ಡ್ ಹಿಡಿದುಕೊಂಡು ಅಡುಗೆಮನೆಗೆ ಹೋಗುತ್ತೇನೆ.

ಅಲ್ಲಿ ಮೊದಲು ನೋಡಿದ್ದು ತುಪ್ಪದ ಡಬ್ಬ. ಲೇಬಲ್ ಮೇಲೆ ತುಪ್ಪ ಅಂತಷ್ಟೇ ಇತ್ತು, ಹಸುವಿನದು ಅಂತ ಎಲ್ಲೂ ಇರಲಿಲ್ಲ. ಹಾಗಾಗಿ ‘ದೇಸಿ ಹಸು’ ಹೋಯಿತು. ಆಮೇಲೆ ಅಡುಗೆಯವರ ಪಕ್ಕದಲ್ಲೇ ನಿಂತೆ. “ಅಣ್ಣಾ, ಕೋಳಿನ ತುಪ್ಪದಲ್ಲೇ ಹುರೀತೀರಾ?” ಅಂದೆ. “ಇಲ್ಲ ಸಾರ್, ಕೋಳಿ ಮೊಸರಲ್ಲಿ ನೆನೆದು ಅದರ ನೀರಲ್ಲೇ ಬೇಯುತ್ತೆ. ತುಪ್ಪ ಮಸಾಲೆಗೆ. ಮಸಾಲೆ ತುಪ್ಪ ಬಿಡೋ ತನಕ ಹುರಿಬೇಕು, ಇಲ್ಲಾಂದ್ರೆ ಹಸಿ ವಾಸನೆ ಹೋಗಲ್ಲ” ಅಂದರು. ಮಸಾಲೆಯಲ್ಲಿ ಹುರಿದ ಬ್ಯಾಡಗಿ ಮೆಣಸು, ಧನಿಯಾ, ಕಾಳುಮೆಣಸು, ಸ್ವಲ್ಪ ಮೆಂತ್ಯ, ಬೆಳ್ಳುಳ್ಳಿ, ಹುಣಸೆಹಣ್ಣು. ಕೊನೆಗೆ ಒಂದು ಚೂರು ಬೆಲ್ಲ.

‘ತುಪ್ಪ ಬಿಡೋ ತನಕ’ ಅನ್ನುವ ಮಾತು ಕಿವಿಗೆ ಬಿದ್ದ ತಕ್ಷಣ ನನ್ನ ಅರ್ಧ ಕೆಲಸ ಮುಗಿಯಿತು. ಆ ಮೂರು ಪದದಲ್ಲಿ ಬಾಣಲೆ ಕಾಣುತ್ತದೆ, ಪರಿಮಳ ಬರುತ್ತದೆ, ಮೇಲಾಗಿ ಅದು ನಿಜ. ಹೊಸ ವರ್ಣನೆ ಹೀಗಾಯಿತು: ‘ಮೊಸರಲ್ಲಿ ನೆನೆದ ಕೋಳಿ, ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆಯ ಮಸಾಲೆಯಲ್ಲಿ ತುಪ್ಪ ಬಿಡುವವರೆಗೆ ಹುರಿದದ್ದು.’

‘ಖಾರವಾದ’ ಅನ್ನುವುದನ್ನೂ ತೆಗೆದೆ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಕೆಂಪಗಿದೆ ಅಂತ ಹಳೇ ಕಾರ್ಡ್‌ನಲ್ಲಿ ಮೂರು ಮೆಣಸಿನಕಾಯಿ ಚಿತ್ರ ಹಾಕಿದ್ದರು. ಅದನ್ನು ನೋಡಿ ಮಕ್ಕಳಿರುವ ಮನೆಯವರು ಆರ್ಡರ್ ಮಾಡುತ್ತಿರಲಿಲ್ಲ, ಖಾರ ಬೇಕಾದವರು ತಿಂದು “ಖಾರಾನೇ ಇಲ್ವಲ್ಲ” ಅನ್ನುತ್ತಿದ್ದರು. ಈಗ ಒಂದೇ ಮೆಣಸಿನಕಾಯಿ.

ಮಾಲೀಕರಿಗೆ ಇದು ಸಪ್ಪೆ ಅನ್ನಿಸಿತು. “ರುಚಿಕರ ಅಂತಾದ್ರೂ ಹಾಕಿ” ಅಂದರು. ನಾನು ಹಳೇ ಕಾರ್ಡ್‌ನಲ್ಲಿ ‘ರುಚಿಕರ’, ‘ಸ್ವಾದಿಷ್ಟ’, ‘ವಿಶೇಷ’ ಇರುವ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಅವರ ಮುಂದಿಟ್ಟೆ. ಪುಟ ತುಂಬ ಗೆರೆ. ಎಲ್ಲದಕ್ಕೂ ಅಂಟಿಸಿದ ಮೇಲೆ ಆ ಪದ ಯಾವುದಕ್ಕೂ ಅಂಟುವುದಿಲ್ಲ, ಅಲ್ವಾ? ಗರಿಗರಿ, ಮೆತ್ತನೆ, ಹುಳಿ, ಕಾಯಿಹಾಲು, ಕೆಂಡದ ಮೇಲೆ ಸುಟ್ಟದ್ದು ಇಂಥ ಪದಗಳಿಗೆ ನನ್ನ ಹತ್ತಿರ ಯಾವಾಗಲೂ ಜಾಗ ಇದೆ. ಆದರೆ ಕೆಂಡ ಇದ್ದರೆ ಮಾತ್ರ. ತವಾ ಮೇಲೆ ಮಾಡಿದ್ದಕ್ಕೆ ಕೆಂಡ ಅನ್ನಬಾರದು.

ಉದ್ದದ ವಿಷಯಕ್ಕೆ ಬಂದರೆ, ನನ್ನ ಅಳತೆ ಹತ್ತರಿಂದ ಹನ್ನೆರಡು ಪದ, ಅಚ್ಚಿನಲ್ಲಿ ಎರಡು ಸಾಲು. ಪದ ಎಣಿಸಿದರಷ್ಟೇ ಸಾಲದು, ಕನ್ನಡದಲ್ಲಿ ‘ಬಿಡುವವರೆಗೆ’ಯೂ ಒಂದು ಪದ, ‘ಒಣ’ವೂ ಒಂದು ಪದ. ಅದಕ್ಕೇ ಡಿಟಿಪಿಯವರಿಂದ ಕಾಲಮ್ಮಿನ ಅಗಲ ಕೇಳಿಕೊಂಡು ಅದೇ ಅಗಲ, ಅದೇ ಅಕ್ಷರದ ಗಾತ್ರದಲ್ಲಿ ಬರೆದು ನೋಡುತ್ತೇನೆ. ಮೂರನೇ ಸಾಲಿಗೆ ಹೋದರೆ ಅಕ್ಷರ ಚಿಕ್ಕದು ಮಾಡೋಣ ಅನ್ನುತ್ತಾರೆ. ಒಪ್ಪಬೇಡಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿ, ಹೋಟೆಲ್‌ನ ಮಂದ ಬೆಳಕಿನಲ್ಲಿ ಓದೋಕಾಗಲ್ಲ. ಪದ ಕಡಿಮೆ ಮಾಡುವುದೇ ದಾರಿ.

ಸಾಲು ಚಿಕ್ಕದಿದ್ದರೆ ಸುಮ್ನೆ ಉದ್ದ ಮಾಡುವುದೂ ಕಷ್ಟ. ನೀರು ದೋಸೆಗೆ ಏನು ಹೇಳೋದು? ಮತ್ತೆ ಅಡುಗೆಮನೆಯೇ ಗತಿ. ‘ನೆನೆಸಿದ ಅಕ್ಕಿ, ತೆಂಗಿನಕಾಯಿ ರುಬ್ಬಿ, ಹುಳಿ ಬರಿಸದೆ ಹೊಯ್ದ ತೆಳು ಮೆತ್ತನೆ ದೋಸೆ; ಜೊತೆಗೆ ಕಾಯಿ-ಬೆಲ್ಲ.’ ಗೋಧಿ ತಿನ್ನಬಾರದವರಿಗೆ ಆಗುತ್ತೆ ಅಂತ ಬರೆಯಿರಿ ಅಂದರು ಮಾಲೀಕರು. ಅದೇ ಕಾವಲಿಯಲ್ಲಿ ಗೋಧಿ ದೋಸೆಯೂ ಹೊಯ್ಯುತ್ತಿದ್ದರು, ಹಾಗಾಗಿ ಬರೆಯಲಿಲ್ಲ. ಕೋರಿ ರೊಟ್ಟಿಗೆ ತಿನ್ನುವ ಬಗೆಯನ್ನೇ ಹೇಳಬೇಕಾಯಿತು: ‘ಗರಿಗರಿ ಒಣ ಅಕ್ಕಿ ರೊಟ್ಟಿ ಮೇಲೆ ಕಾಯಿಹಾಲಿನ ಕೋಳಿ ಗಸಿ, ಮುರಿದು, ನೆನೆಸಿ ತಿನ್ನಿ.’ ಆ್ಯಪ್‌ನಲ್ಲಿ ಆರ್ಡರ್ ಮಾಡುವವರಿಗೆ ಮೊದಲ ಕೆಲವು ಪದಗಳಷ್ಟೇ ಕಣ್ಣಿಗೆ ಬೀಳಬಹುದು, ಹಾಗಾಗಿ ಮುಖ್ಯ ವಸ್ತುವನ್ನು ವಾಕ್ಯದ ಮೊದಲಿಗೇ ತರುತ್ತೇನೆ.

ಕೆಲವರಿಗೆ ಒಗ್ಗದಿರುವ ಪದಾರ್ಥಗಳನ್ನು ವಾಕ್ಯದೊಳಗೆ ತುರುಕುವುದಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಇರುವ ಹೋಟೆಲ್‌ಗಳು ಅಲರ್ಜಿ ಮಾಹಿತಿ ಕೊಡಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮದಲ್ಲಿದೆ. ಇವರದು ಒಂದೇ ಹೋಟೆಲ್, ಕಡ್ಡಾಯ ಅಲ್ಲ. ಆದರೂ ಬೆಲೆಯ ಪಕ್ಕ ಚಿಕ್ಕ ಗುರುತು ಹಾಕಿಸಿದೆ: ಹಾಲು, ಗೋಧಿ, ಮೀನು, ಸಿಗಡಿ, ಗೋಡಂಬಿ. ಹೆಸರಿನಲ್ಲಿ ಕಾಣದೆ ಒಳಗೆ ಇರುವುದೇ ಇಲ್ಲಿ ಮುಖ್ಯ. ಪನೀರ್ ಗ್ರೇವಿಯಲ್ಲಿ ಅರೆದ ಗೋಡಂಬಿ ಯಾರಿಗೂ ಕಾಣಲ್ಲ. ಮೀನಿನ ರವಾ ಫ್ರೈಯಲ್ಲಿರುವ ರವೆ ಗೋಧಿಯದು ಅನ್ನುವುದು ತುಂಬಾ ಜನಕ್ಕೆ ಹೊಳೆಯುವುದೇ ಇಲ್ಲ.

ಜಾಸ್ತಿ ವಾದ ಆಗಿದ್ದು ಮೀನಿನ ಪುಟದಲ್ಲಿ. ‘ಮಲ್ಪೆಯಿಂದ ದಿನವೂ ಬರುವ ತಾಜಾ ಕಾಣೆ ಮೀನು’ ಅಂತ ಇತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ನಾಡದೋಣಿಯ ಮೀನು ಸ್ವಲ್ಪ ಬರುತ್ತೆ, ಉಳಿದದ್ದು ಐಸಿನಲ್ಲಿಟ್ಟದ್ದು ಅಥವಾ ಬೇರೆ ಕಡೆಯಿಂದ ತಂದದ್ದು. ಅಚ್ಚಾದ ಕಾರ್ಡ್‌ಗೆ ಮಳೆಗಾಲ ಗೊತ್ತಾಗಲ್ಲವಲ್ಲ! “ಕರಾವಳಿಯವರು ಇದನ್ನು ಓದಿ ನಗ್ತಾರೆ” ಅಂದಾಗ ಮಾಲೀಕರೂ ನಕ್ಕರು. ಕಾರ್ಡ್‌ನಲ್ಲಿ ‘ಇಂದಿನ ಮೀನು, ರವೆ ಹಚ್ಚಿ ಕಾವಲಿಯಲ್ಲಿ ಗರಿಗರಿಯಾಗಿ ಹುರಿದದ್ದು, ಯಾವ ಮೀನೆಂದು ಬೋರ್ಡ್ ನೋಡಿ’ ಅಂತ ಹಾಕಿದೆವು. ಕಾಣೆಯೋ ಬಂಗುಡೆಯೋ ಅಂಜಲೋ, ಎಲ್ಲಿಯದು, ಬೆಲೆ ಎಷ್ಟು ಅಂತ ಸೀಮೆಸುಣ್ಣದಲ್ಲಿ ದಿನಾ ಬೋರ್ಡ್ ಮೇಲೆ ಬರೆಯುತ್ತಾರೆ.

ಅಚ್ಚಿಗೆ ಕೊಡುವ ಮುಂಚೆ ಎರಡು ಸಲ ಓದಿಸುತ್ತೇನೆ. ಮೊದಲು ಅಡುಗೆಯವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ, ಹಾಕದ ಪದಾರ್ಥ ಬಂದರೆ ಅವರು ಅಲ್ಲೇ ತಡೆಯುತ್ತಾರೆ. ಇಲ್ಲಿ ಗಸಿಗೆ ಸಾಸಿವೆ ಅಂತ ಬರೆದಿದ್ದೆವು, ಅವರು ಹಾಕುವುದು ಈರುಳ್ಳಿ ಒಗ್ಗರಣೆ ಅಂತ ಆಗ ತಿಳಿಯಿತು. ಆಮೇಲೆ ಸರ್ವ್ ಮಾಡುವ ಹುಡುಗರು ಓದಬೇಕು. ಗಿರಾಕಿ ‘ಇದೇನು?’ ಅಂದಾಗ ಅವರ ಬಾಯಲ್ಲಿ ಬೇರೆ ಮಾತು ಬರುತ್ತಿದ್ದರೆ ನನ್ನ ಸಾಲು ಇನ್ನೂ ಸರಿಯಾಗಿಲ್ಲ ಅಂತ. ಕೋರಿ ರೊಟ್ಟಿಯ ‘ಮುರಿದು, ನೆನೆಸಿ ತಿನ್ನಿ’ ನಾನು ಕೂತು ಹೊಳೆಸಿದ್ದಲ್ಲ. ಒಬ್ಬ ಹುಡುಗ ಪ್ರತಿ ಟೇಬಲ್‌ಗೂ ಹೇಳುತ್ತಿದ್ದುದನ್ನೇ ಬರೆದುಕೊಂಡದ್ದು.